ನಲ್ಲಿ ಬಂತು, ನೀರು ಯಾವ ಲೆಕ್ಕಶೀರ್ಷಿಕೆಯಲ್ಲಿ?

ಮೂರು ತಿಂಗಳಿಗೊಮ್ಮೆ ಜಿಲ್ಲಾ ಪಂಚಾಯತಿ ಸಭಾಂಗಣದಲ್ಲಿ ಕೆಡಿಪಿ ಸಭೆ ಸೇರುತ್ತದೆ. ಉಸ್ತುವಾರಿ ಸಚಿವರ ಮುಂದೆಯೂ ಅಧಿಕಾರಿಗಳ ಮುಂದೆಯೂ ಒಂದೇ ಪ್ರಗತಿ ವರದಿ ಇರುತ್ತದೆ. ಅದರ ಕಾಲಂಗಳು ವರ್ಷಗಳಿಂದ ಹೆಚ್ಚು ಬದಲಾಗಿಲ್ಲ: ಕಾರ್ಯಕ್ರಮದ ಹೆಸರು, ಆರ್ಥಿಕ ಗುರಿ, ಬಿಡುಗಡೆಯಾದ ಹಣ, ವೆಚ್ಚ, ಭೌತಿಕ ಗುರಿ, ಭೌತಿಕ ಸಾಧನೆ, ಕೊನೆಗೆ ಶೇಕಡಾವಾರು. ಕೊನೆಯ ಕಾಲಂನಲ್ಲಿ 90ರ ಮೇಲೆ ಇದ್ದ ಇಲಾಖೆಯನ್ನು ಬೇಗ ದಾಟಿ ಮುಂದಕ್ಕೆ ಹೋಗುತ್ತಾರೆ. 40ರ ಆಸುಪಾಸು ಇದ್ದವರು ಎದ್ದು ನಿಂತು ಉತ್ತರ ಹೇಳಬೇಕು.

ಈ ಪದ್ಧತಿಯಲ್ಲಿ ಒಂದು ಪ್ರಶ್ನೆಗೆ ಜಾಗವೇ ಇರುವುದಿಲ್ಲ. ಹಣ ಖರ್ಚಾಗಿದೆ, ಕೆಲಸವೂ ಮುಗಿದಿದೆ. ಅದರಿಂದ ಊರಿನಲ್ಲಿ ಏನು ಬದಲಾಯಿತು? ಆ ಪ್ರಶ್ನೆಯನ್ನು ಬಜೆಟ್ ಪುಸ್ತಕದ ಒಳಗೇ ತಂದು, ಪ್ರತಿ ವೆಚ್ಚದ ಎದುರಿಗೆ ಅಳೆಯಬಹುದಾದ ಒಂದು ಗುರಿಯನ್ನು ಬರೆದಿಡುವ ಪ್ರಯತ್ನಕ್ಕೆ ಫಲಿತಾಂಶ ಬಜೆಟ್ ಎನ್ನುತ್ತಾರೆ. ಕೇಳುವುದಕ್ಕೆ ಇದು ಸರಳ. ಮಾಡಿ ನೋಡಿದಾಗ ಎಲ್ಲಿ ತೊಡಕಾಗುತ್ತದೆ ಎಂಬುದಕ್ಕೆ ಕುಡಿಯುವ ನೀರಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಮೊದಲು ಬಜೆಟ್ ಪುಸ್ತಕ ಹೇಗಿರುತ್ತದೆ ಎಂದು ನೋಡಬೇಕು. ಸರ್ಕಾರದ ಪ್ರತಿ ರೂಪಾಯಿಗೂ ಒಂದು ಲೆಕ್ಕಶೀರ್ಷಿಕೆ ಇದೆ. ಆರು ಹಂತಗಳ ಈ ವರ್ಗೀಕರಣ 15 ಅಂಕಿಗಳ ಒಂದು ಸಂಕೇತವಾಗಿ ಕಾಣಿಸುತ್ತದೆ. ಮೊದಲ ನಾಲ್ಕು ಅಂಕಿ ಪ್ರಧಾನ ಶೀರ್ಷಿಕೆ. 2215 ಎಂದಿದ್ದರೆ ನೀರು ಸರಬರಾಜು ಮತ್ತು ನೈರ್ಮಲ್ಯದ ರಾಜಸ್ವ ವೆಚ್ಚ, ಅಂದರೆ ಸಂಬಳ, ರಿಪೇರಿ, ನಿರ್ವಹಣೆಯಂಥ ಬಾಬುಗಳು. 4215 ಎಂದಿದ್ದರೆ ಅದೇ ವಿಷಯದ ಬಂಡವಾಳ ವೆಚ್ಚ, ಅಂದರೆ ಟ್ಯಾಂಕು, ಪೈಪ್‌ಲೈನು, ಪಂಪ್‌ಹೌಸು. ಮುಂದಿನ ಅಂಕಿಗಳಲ್ಲಿ ಒಂದೊಂದೇ ಹಂತ ಕೆಳಗಿಳಿಯುತ್ತ ಹೋದರೆ ಗ್ರಾಮೀಣವೋ ನಗರವೋ, ಯಾವ ಯೋಜನೆ, ಕೊನೆಗೆ ಆ ಹಣದಿಂದ ಕೊಳ್ಳುವುದು ಏನು ಎಂಬುದು ತಿಳಿಯುತ್ತದೆ.

ಈ ವ್ಯವಸ್ಥೆ ಒಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಶಾಸನಸಭೆ ಯಾವುದಕ್ಕೆ ಎಷ್ಟು ಮಂಜೂರು ಮಾಡಿತೋ ಅದಕ್ಕೇ ಅಷ್ಟೇ ಖರ್ಚಾಯಿತೇ ಎಂದು ಖಜಾನೆಯೂ ಮಹಾಲೇಖಪಾಲರೂ ಹಿಡಿದು ನೋಡಬಹುದು. ಪೈಪಿಗೆಂದು ಕೊಟ್ಟ ಹಣದಲ್ಲಿ ಜೀಪು ಕೊಂಡರೆ ಸಿಕ್ಕಿಬೀಳುತ್ತದೆ. ಆದರೆ ಹಣವೆಲ್ಲ ಪೈಪಿಗೇ ಹೋಗಿ, ಪೈಪಿನಲ್ಲಿ ನೀರು ಬರದಿದ್ದರೆ ಈ 15 ಅಂಕಿಗಳು ಏನನ್ನೂ ಹೇಳುವುದಿಲ್ಲ. ಲೆಕ್ಕ ಸರಿಯಾಗಿಯೇ ಇರುತ್ತದೆ.

ಈ ಕೊರತೆ ಇವತ್ತು ಕಂಡದ್ದಲ್ಲ. ಅಮೆರಿಕದಲ್ಲಿ ಹೂವರ್ ಆಯೋಗ 1949ರಲ್ಲಿಯೇ, ಬಜೆಟ್ಟು ಕೊಳ್ಳುವ ವಸ್ತುಗಳ ಪಟ್ಟಿಯಾಗಿರದೆ ಮಾಡುವ ಕೆಲಸಗಳ ಲೆಕ್ಕವಾಗಿರಬೇಕು ಎಂದು ಶಿಫಾರಸು ಮಾಡಿತ್ತು. ಭಾರತದಲ್ಲಿ ಮೊದಲ ಆಡಳಿತ ಸುಧಾರಣಾ ಆಯೋಗ 1968ರಲ್ಲಿ ಇದೇ ಹಾದಿಯ ಸಲಹೆ ಕೊಟ್ಟಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ಕೆಂಗಲ್ ಹನುಮಂತಯ್ಯ. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಎಂದು ಅವರನ್ನು ನೆನೆಯುವ ನಾವು, ದೇಶದ ಬಜೆಟ್ ಪುಸ್ತಕಕ್ಕೆ ಕೆಲಸದ ಕಾಲಂ ಸೇರಿಸಲು ಹೇಳಿದ ವರದಿಯ ಮೇಲೂ ಅವರ ಹೆಸರಿದೆ ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಅಲ್ಲಿಂದ ಮುಂದೆ ಸಾಧನಾ ಬಜೆಟ್ ಎಂಬ ಪುಸ್ತಕಗಳು ಇಲಾಖೆಗಳಿಂದ ಬರತೊಡಗಿದವು. ಎಷ್ಟು ಕಟ್ಟಡ, ಎಷ್ಟು ಕಿಲೋಮೀಟರು, ಎಷ್ಟು ಫಲಾನುಭವಿಗಳು ಎಂಬ ಎಣಿಕೆ ಅವುಗಳಲ್ಲಿರುತ್ತಿತ್ತು.

ಎಣಿಕೆಯಿಂದ ಫಲಿತಾಂಶಕ್ಕೆ ಹೆಜ್ಜೆ ಇಟ್ಟದ್ದು 2005ರಲ್ಲಿ. ಆ ವರ್ಷದ ಆಗಸ್ಟ್ 25ರಂದು ಹಣಕಾಸು ಸಚಿವ ಪಿ. ಚಿದಂಬರಂ ಸಂಸತ್ತಿನಲ್ಲಿ ಕೇಂದ್ರದ ಮೊದಲ ಫಲಿತಾಂಶ ಬಜೆಟ್ ಮಂಡಿಸಿದರು. 2017-18ರಿಂದ ಅದು ಮುಖ್ಯ ಬಜೆಟ್ ಜೊತೆಯಲ್ಲೇ, ಎಲ್ಲ ಸಚಿವಾಲಯಗಳದ್ದೂ ಒಂದೇ ಕಟ್ಟಾಗಿ ಬರುವಂತಾಯಿತು. ಅದೇ ವರ್ಷ ದೆಹಲಿ ಸರ್ಕಾರವೂ ತನ್ನದೊಂದು ಫಲಿತಾಂಶ ಬಜೆಟ್ ಆರಂಭಿಸಿ, ಗುರಿ ಮುಟ್ಟಿದವು ಯಾವುವು, ಹಿಂದೆ ಬಿದ್ದವು ಯಾವುವು ಎಂದು ಇಲಾಖೆವಾರು ವರದಿ ಕೊಡತೊಡಗಿತು. ಕೇಂದ್ರದಲ್ಲಿ ಈಗ 500 ಕೋಟಿ ರೂಪಾಯಿಗಿಂತ ದೊಡ್ಡ ಯೋಜನೆಗಳೆಲ್ಲ ಈ ಚೌಕಟ್ಟಿನೊಳಗೆ ಬರುತ್ತವೆ. ಎಡಗಡೆ ಹಣ, ನಡುವೆ ಔಟ್‌ಪುಟ್ ಮತ್ತು ಅದನ್ನು ಅಳೆಯುವ ಸೂಚ್ಯಂಕ, ಬಲಗಡೆ ಫಲಿತಾಂಶ ಮತ್ತು ಅದರ ಸೂಚ್ಯಂಕ. ಎರಡಕ್ಕೂ ಆ ವರ್ಷದ ಗುರಿ.

ಈಗ ನೀರಿಗೆ ಬರೋಣ.

ಜಲ ಜೀವನ್ ಮಿಷನ್ 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಆಗ ದೇಶದ ಗ್ರಾಮೀಣ ಮನೆಗಳಲ್ಲಿ 3.23 ಕೋಟಿಗೆ, ಅಂದರೆ ಶೇಕಡಾ 17ರಷ್ಟಕ್ಕೆ ಮಾತ್ರ ನಲ್ಲಿ ಇತ್ತು. ಕೇಂದ್ರ ಮತ್ತು ರಾಜ್ಯಗಳ ಪಾಲು ಸೇರಿ 3.60 ಲಕ್ಷ ಕೋಟಿ ರೂಪಾಯಿಯ ಅಂದಾಜು. ಕರ್ನಾಟಕದಂಥ ರಾಜ್ಯಗಳಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ನಮ್ಮಲ್ಲಿ ಇದಕ್ಕೆ ‘ಮನೆ ಮನೆಗೆ ಗಂಗೆ’ ಎಂಬ ಹೆಸರೂ ಬಂತು. 2025ರ ಆರಂಭದ ಹೊತ್ತಿಗೆ ದೇಶದಲ್ಲಿ ನಲ್ಲಿ ಇರುವ ಗ್ರಾಮೀಣ ಮನೆಗಳು 15 ಕೋಟಿ ದಾಟಿದ್ದವು, ಸರಿಸುಮಾರು ಶೇಕಡಾ 80. ಐದೂವರೆ ವರ್ಷಗಳಲ್ಲಿ ಇಷ್ಟು ನಲ್ಲಿಗಳನ್ನು ಕೂರಿಸಿದ್ದು ದೊಡ್ಡ ಕೆಲಸ. ಅದನ್ನು ಯಾರೂ ಕಡಿಮೆ ಮಾಡಿ ಹೇಳಬೇಕಾಗಿಲ್ಲ.

ಈ ಯೋಜನೆಯನ್ನು ಬರೆದವರು ಒಂದು ಎಚ್ಚರ ವಹಿಸಿದ್ದರು. ‘ನಲ್ಲಿ’ ಎಂದಷ್ಟೇ ಹೇಳದೆ ‘ಕಾರ್ಯನಿರತ ನಲ್ಲಿ ಸಂಪರ್ಕ’ ಎಂದರು. ಕಾರ್ಯನಿರತ ಎಂದರೇನು ಎಂಬುದನ್ನೂ ಬಿಡಿಸಿ ಹೇಳಿದರು. ತಲಾ ದಿನಕ್ಕೆ ಕನಿಷ್ಠ 55 ಲೀಟರ್ ನೀರು ಬರಬೇಕು. ಅದು ಭಾರತೀಯ ಮಾನಕ ಬ್ಯೂರೋದ 10500 ಸಂಖ್ಯೆಯ ಮಾನದಂಡಕ್ಕೆ ಸರಿಹೊಂದಬೇಕು. ಮತ್ತು ನಿಯಮಿತವಾಗಿ, ಬಹುಕಾಲ ಬರುತ್ತಿರಬೇಕು. ಪ್ರಮಾಣ, ಗುಣ, ನಿಯಮಿತತೆ ಈ ಮೂರೂ ಕೂಡಿದರೆ ಮಾತ್ರ ಫಲಿತಾಂಶ. ಗೋಡೆಗೆ ಕೂರಿಸಿದ ನಲ್ಲಿ ಔಟ್‌ಪುಟ್ ಅಷ್ಟೇ.

2022ರಲ್ಲಿ ಕೇಂದ್ರ ಸರ್ಕಾರವೇ ಸಮೀಕ್ಷೆ ಮಾಡಿಸಿತು. ಪ್ರಮಾಣ, ಗುಣ, ನಿಯಮಿತತೆ ಒಂದೊಂದನ್ನೇ ಬೇರೆಬೇರೆಯಾಗಿ ನೋಡಿದಾಗ ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚು ಮನೆಗಳು ಪಾಸಾದವು. ಮೂರರಲ್ಲೂ ಒಟ್ಟಿಗೆ ಪಾಸಾದ ಮನೆಗಳು ಎಷ್ಟು ಎಂದು ಕೇಳಿದಾಗ ಶೇಕಡಾ 62ಕ್ಕೆ ಇಳಿಯಿತು. ನಲ್ಲಿ ಇರುವ ನೂರು ಮನೆಗಳಲ್ಲಿ 38 ಮನೆಗಳಿಗೆ ಒಂದಲ್ಲ ಒಂದು ಕೊರತೆ. ಕೆಡಿಪಿ ಪ್ರಗತಿ ಪತ್ರದಲ್ಲಿ ಈ 38 ಮನೆಗಳೂ ಸಾಧನೆಯ ಲೆಕ್ಕದಲ್ಲೇ ಸೇರಿರುತ್ತವೆ.

ಕೊರತೆ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಒಂದು ಊರಿನ ಲೆಕ್ಕ ಹಾಕಿ ನೋಡಬಹುದು. ಊರು ಕಲ್ಪಿತ, ಲೆಕ್ಕ ಮಾತ್ರ ಯಾವ ಬಯಲುಸೀಮೆಯ ಊರಿಗೂ ಹೊಂದುವಂಥದ್ದು. 400 ಮನೆ, ಮನೆಗೆ ಐದು ಜನರಂತೆ 2,000 ಜನ. ತಲಾ 55 ಲೀಟರಿನಂತೆ ದಿನಕ್ಕೆ 1,10,000 ಲೀಟರ್ ಬೇಕು. ಊರಿಗೆ ಒಂದು ಕೊಳವೆಬಾವಿ ಕೊರೆದಿದ್ದಾರೆ, ಗಂಟೆಗೆ 10,000 ಲೀಟರ್ ನೀರು ಬರುತ್ತದೆ. ಒಂದು ಓವರ್‌ಹೆಡ್ ಟ್ಯಾಂಕ್ ಕಟ್ಟಿದ್ದಾರೆ. ಬೀದಿಬೀದಿಗೆ ಪೈಪ್ ಹಾಕಿ 400 ನಲ್ಲಿಗಳನ್ನೂ ಕೂರಿಸಿದ್ದಾರೆ. ಭೌತಿಕ ಗುರಿ 400, ಸಾಧನೆ 400, ಶೇಕಡಾ ನೂರು.

ಬೇಕಾದಷ್ಟು ನೀರು ಎತ್ತಲು ಪಂಪು ದಿನಕ್ಕೆ 11 ಗಂಟೆ ಓಡಬೇಕು. ಈ ಊರಿನ ಪಂಪಿಗೆ ತ್ರೀ ಫೇಸ್ ಕರೆಂಟು ಸಿಗುವುದು ಏಳು ಗಂಟೆ ಎಂದುಕೊಳ್ಳಿ. ಮೇಲೆ ಬರುವುದು 70,000 ಲೀಟರ್, ತಲೆಗೆ 35 ಲೀಟರ್. ಇದು ಮಳೆ ಮುಗಿದ ನಂತರದ ಮಾತು. ಏಪ್ರಿಲ್ ಹೊತ್ತಿಗೆ ಅಂತರ್ಜಲ ಇಳಿದು ಬಾವಿಯ ಇಳುವರಿ ಗಂಟೆಗೆ 6,000 ಲೀಟರಿಗೆ ಬಂದರೆ ಒಟ್ಟು ನೀರು 42,000 ಲೀಟರ್, ತಲೆಗೆ 21. ನಲ್ಲಿಗಳ ಸಂಖ್ಯೆ ಮಾತ್ರ ಏಪ್ರಿಲ್‌ನಲ್ಲೂ 400. ಊರಿನ ತುದಿಯ ಎತ್ತರದ ಓಣಿಗೆ ಒತ್ತಡ ಸಾಲದೆ ನೀರು ಹತ್ತುವುದಿಲ್ಲ. ಅಲ್ಲಿಯವರು ಮತ್ತೆ ಮಿನಿ ಟ್ಯಾಂಕಿನ ಹತ್ತಿರ ಕೊಡ ಸಾಲು ಇಡುತ್ತಾರೆ.

ಈ ಊರಿಗೆ ಫಲಿತಾಂಶ ಬಜೆಟ್ ಬರೆಯಲು ಕೂತರೆ ಮೊದಲು ಗೊತ್ತಾಗುವುದೇ, ತಲೆಗೆ 55 ಲೀಟರ್ ಎಂಬ ಒಂದೇ ಫಲಿತಾಂಶ ಹಲವು ಲೆಕ್ಕಶೀರ್ಷಿಕೆಗಳ ಮೇಲೆ ನಿಂತಿದೆ ಎಂಬುದು. ಪೈಪು ಮತ್ತು ಟ್ಯಾಂಕು ಬಂಡವಾಳದ ಶೀರ್ಷಿಕೆಯಲ್ಲಿವೆ. ಅದರ ಔಟ್‌ಪುಟ್ ಎಷ್ಟು ಮೀಟರ್ ಪೈಪ್, ಎಷ್ಟು ನಲ್ಲಿ ಎಂಬುದು. ಜೊತೆಗೆ ಇನ್ನೊಂದು ಅಳತೆ ಬೇಕು: ಕೊನೆಯ ಮನೆಯ ನಲ್ಲಿಯಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಬೀಳುತ್ತದೆ. ಗುತ್ತಿಗೆದಾರನ ಕೊನೆಯ ಬಿಲ್ಲನ್ನು ಆ ಅಳತೆಗೆ ಕಟ್ಟಿದರೆ ಪೈಪಿನ ವ್ಯಾಸ, ಇಳಿಜಾರು, ಜೋಡಣೆ ಎಲ್ಲವೂ ಕೆಲಸ ನಡೆಯುವಾಗಲೇ ಸರಿಯಾಗುತ್ತವೆ.

ನೀರಿನ ಮೂಲ ಬೇರೆಯದೇ ಬಾಬು. ಎರಡನೆಯ ಕೊಳವೆಬಾವಿಯೋ, ಇಂಗುಗುಂಡಿಯೋ, ಕೆರೆ ತುಂಬಿಸುವುದೋ, ನದಿಯಿಂದ ತರುವ ಬಹುಗ್ರಾಮ ಯೋಜನೆಯೋ, ಏನಾದರೂ ಇರಲಿ, ಅದರ ಗುರಿಯನ್ನು ಬರೆಯಬೇಕಾದದ್ದು ಏಪ್ರಿಲ್ ತಿಂಗಳ ಇಳುವರಿಯಲ್ಲಿ. ಕೊಳವೆಬಾವಿ ಕೊರೆದ ದಿನ ಅಳೆದ ನೀರನ್ನೇ ವರ್ಷವಿಡೀ ಬರುವ ನೀರೆಂದು ಬರೆದುಕೊಂಡರೆ ಬೇಸಿಗೆಯಲ್ಲಿ ಟ್ಯಾಂಕರ್ ಬಾಡಿಗೆಗೆ ಮತ್ತೊಂದು ಶೀರ್ಷಿಕೆಯಿಂದ ಹಣ ಹೋಗುತ್ತದೆ. ಆ ಟ್ಯಾಂಕರ್ ಖರ್ಚು ನೀರಿನ ಯೋಜನೆಯ ಸೋಲಿನ ಅಳತೆ. ಆದರೆ ಅದು ಬರ ಪರಿಹಾರದ ಲೆಕ್ಕದಲ್ಲಿ ಕೂತಾಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವವರು ಯಾರೂ ಇರುವುದಿಲ್ಲ.

ಗುಣದ ವಿಷಯಕ್ಕೆ ಮಿಷನ್ನಿನಲ್ಲಿ ಶೇಕಡಾ 2ರಷ್ಟು ಹಣವನ್ನು ನೀರಿನ ಪರೀಕ್ಷೆಗೆ ಮೀಸಲಿಟ್ಟಿದ್ದಾರೆ. ಪ್ರತಿ ಊರಿನ ಐವರು ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವುದು ಇದರ ಭಾಗ. ಇಲ್ಲಿ ಸುಲಭವಾಗಿ ಎಣಿಸಬಹುದಾದ ಔಟ್‌ಪುಟ್ ಎಂದರೆ ಎಷ್ಟು ಜನರಿಗೆ ತರಬೇತಿ, ಎಷ್ಟು ಮಾದರಿ ಪರೀಕ್ಷೆ ಎಂಬುದು. ಪಾವಗಡದಲ್ಲೋ ಬಾಗೇಪಲ್ಲಿಯಲ್ಲೋ ವಾಸಿಸುವವರಿಗೆ ಬೇಕಾದ ಉತ್ತರ ಬೇರೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ ಸಹಿಸಬಹುದು ಎನ್ನುತ್ತದೆ ಮಾನದಂಡ. ಪರೀಕ್ಷೆಯಲ್ಲಿ ಅದಕ್ಕಿಂತ ಹೆಚ್ಚು ಬಂದ ಮಾದರಿಗಳೆಷ್ಟು, ಬಂದ ಮೇಲೆ ಎಷ್ಟು ದಿನಗಳಲ್ಲಿ ಆ ಮೂಲವನ್ನು ನಿಲ್ಲಿಸಿ ಬೇರೆ ನೀರು ಕೊಟ್ಟರು ಎಂಬುದನ್ನು ಗುರಿಯಾಗಿ ಬರೆದರೆ ಮಾತ್ರ ಪರೀಕ್ಷೆಯ ಖರ್ಚು ಫಲಿತಾಂಶಕ್ಕೆ ಕಟ್ಟಿಕೊಳ್ಳುತ್ತದೆ.

ಎಲ್ಲಕ್ಕಿಂತ ದುರ್ಬಲವಾದ ಕೊಂಡಿ ನಿರ್ವಹಣೆಯದು. ಮೇಲಿನ ಊರಿನಲ್ಲಿ ಏಳೂವರೆ ಅಶ್ವಶಕ್ತಿಯ ಪಂಪು ದಿನಕ್ಕೆ 11 ಗಂಟೆ ಓಡಿದರೆ ಸುಮಾರು 60 ಯೂನಿಟ್ ಕರೆಂಟು, ವರ್ಷಕ್ಕೆ 22,000 ಯೂನಿಟ್‌ನಷ್ಟು. ಅದರ ಜೊತೆ ನೀರುಗಂಟಿಯ ಸಂಬಳ, ಸುಟ್ಟ ಮೋಟಾರಿನ ರಿವೈಂಡಿಂಗ್, ವಾಲ್ವ್ ರಿಪೇರಿ, ಕ್ಲೋರಿನ್. ಇವೆಲ್ಲ ಬಂಡವಾಳ ಶೀರ್ಷಿಕೆಯಲ್ಲಿ ಇರುವುದಿಲ್ಲ. ಇರುವುದು ಗ್ರಾಮ ಪಂಚಾಯತಿಯ ಪಾಲಿನಲ್ಲಿ: ನೀರಿನ ಕರ, ರಾಜ್ಯದ ಅನುದಾನ, ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗ ಪಂಚಾಯತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು, ಎರಡಕ್ಕೂ ಅರ್ಧರ್ಧ. ದಾರಿ ತೋರಿಸಿದ್ದಂತೂ ನಿಜ. ಆದರೆ ಟ್ಯಾಂಕು ಕಟ್ಟುವ ಇಲಾಖೆಯ ಫಲಿತಾಂಶ ಪತ್ರದಲ್ಲಿ ಪಂಚಾಯತಿಯ ಈ ಖರ್ಚು ಕಾಣುವುದಿಲ್ಲ, ಪಂಚಾಯತಿಯ ಲೆಕ್ಕದಲ್ಲಿ ಇಲಾಖೆಯ ಗುರಿ ಕಾಣುವುದಿಲ್ಲ. ಕಟ್ಟುವವರು ಒಬ್ಬರು, ಓಡಿಸುವವರು ಇನ್ನೊಬ್ಬರು, 55 ಲೀಟರ್ ಎಂಬ ಮಾತು ಇಬ್ಬರ ನಡುವೆ ಬಿದ್ದುಹೋಗುತ್ತದೆ.

ನೀರಿನ ವಿಷಯದಲ್ಲಿ ಫಲಿತಾಂಶ ಬಜೆಟ್ಟಿನ ನಿಜವಾದ ಪರೀಕ್ಷೆ ಇದೇ. ಬಂಡವಾಳದ ಒಂದು ಸಾಲು ಬರೆದಾಗ ಅದರ ಪಕ್ಕದಲ್ಲೇ, ಇದು ಮುಂದಿನ ವರ್ಷದಿಂದ ಓಡಲು ಯಾರಿಗೆ ಎಷ್ಟು ಖರ್ಚು, ಆ ಹಣ ಯಾವ ಶೀರ್ಷಿಕೆಯಲ್ಲಿದೆ ಎಂಬ ಸಾಲನ್ನೂ ಬರೆಯಬೇಕು. ಅದು ಇಲ್ಲದ ಗುರಿಪಟ್ಟಿ ಎಷ್ಟೇ ಚೆಂದವಾಗಿದ್ದರೂ ಅರ್ಧ ಪಟ್ಟಿ.

ಇನ್ನು, ಗುರಿಗಳನ್ನು ಬರೆಯುವುದರಲ್ಲಿಯೂ ಹಾದಿ ತಪ್ಪುವುದುಂಟು. ಸಾಮಾನ್ಯವಾಗಿ ಕಾಣುವುದು, ಚಟುವಟಿಕೆಯನ್ನೇ ಫಲಿತಾಂಶದ ಕಾಲಂನಲ್ಲಿ ಬರೆದುಬಿಡುವುದು. ‘ಜಾಗೃತಿ ಶಿಬಿರಗಳು 50’ ಎಂದಿದ್ದರೆ ಅದು ಇಲಾಖೆ ಮಾಡಿದ ಕೆಲಸ, ಜನರಿಗೆ ಆದದ್ದಲ್ಲ. ಇನ್ನೊಂದು, ಹೇಗೂ ಮುಟ್ಟುವಷ್ಟು ಕೆಳಗೆ ಗುರಿ ಇಟ್ಟುಕೊಳ್ಳುವುದು. ಹೋದ ವರ್ಷದ ಸಾಧನೆಯನ್ನು ಈ ವರ್ಷದ ಗುರಿಯ ಪಕ್ಕದಲ್ಲಿ ಇಟ್ಟರೆ ಇದು ತಕ್ಷಣ ಗೊತ್ತಾಗುತ್ತದೆ. ಹೋದ ವರ್ಷ 80 ಮಾಡಿದವರು ಈ ವರ್ಷ 70ರ ಗುರಿ ಇಟ್ಟಿದ್ದರೆ ಕಾರಣ ಕೇಳಬೇಕು. ಮೂರನೆಯದು, ಗುರಿಯನ್ನೇ ಬರೆಯದೆ ಬಿಡುವುದು. ಕೇಂದ್ರದ ಪುಸ್ತಕದಲ್ಲಿ ಎಷ್ಟೋ ಸಾಲುಗಳ ಎದುರಿಗೆ, ಇದಕ್ಕೆ ಗುರಿ ನಿಗದಿ ಮಾಡಲಾಗದು ಎಂಬ ಅರ್ಥದ ಷರಾ ಇರುತ್ತದೆ. ಬೇಡಿಕೆ ಬಂದಷ್ಟು ಕೊಡಬೇಕಾದ ಉದ್ಯೋಗ ಖಾತರಿಯಂಥ ಯೋಜನೆಗೆ ಈ ಮಾತು ನ್ಯಾಯವೇ. ಎಷ್ಟು ಜನ ಕೆಲಸ ಕೇಳುತ್ತಾರೆಂದು ಮೊದಲೇ ಹೇಳಲಾಗದು. ಆದರೆ ಕೆಲಸ ಮಾಡಿದ 15 ದಿನದೊಳಗೆ ಕೂಲಿ ಸಂದಾಯವಾಯಿತೇ ಎಂಬುದಕ್ಕೆ ಗುರಿ ಇಡಲು ಯಾವ ಅಡ್ಡಿಯೂ ಇಲ್ಲ.

ಸಂಬಳದ ಶೀರ್ಷಿಕೆ ಬೇರೆ ಬಗೆಯ ತೊಡಕು. ಇಲಾಖೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳದ್ದೇ ಆಗಿರಬಹುದು. ಒಬ್ಬ ಕಿರಿಯ ಎಂಜಿನಿಯರ್ ನೀರಿನ ಕೆಲಸವನ್ನೂ ರಸ್ತೆ ಕೆಲಸವನ್ನೂ ಚುನಾವಣಾ ಕರ್ತವ್ಯವನ್ನೂ ಮಾಡುತ್ತಾನೆ. ಅವನ ಸಂಬಳವನ್ನು ಯಾವ ಗುರಿಗೆ ಕಟ್ಟುವುದು? ಬಹಳ ಕಡೆ ಈ ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ. ಸಂಬಳವನ್ನು ಯೋಜನೆಗಳ ನಡುವೆ ಕೃತಕವಾಗಿ ಹಂಚುವುದಕ್ಕಿಂತ, ಖಾಲಿ ಹುದ್ದೆಗಳು ಎಷ್ಟು, ಒಬ್ಬ ಎಂಜಿನಿಯರಿಗೆ ಎಷ್ಟು ಊರು ಎಂಬ ಎರಡು ಅಂಕಿಗಳನ್ನು ಫಲಿತಾಂಶದ ಪಕ್ಕದಲ್ಲಿ ಪ್ರಕಟಿಸುವುದು ಪ್ರಾಮಾಣಿಕ ಕ್ರಮ. ಗುರಿ ತಪ್ಪಿದ್ದಕ್ಕೆ ಕಾರಣ ಎಷ್ಟೋ ಸಲ ಅಲ್ಲೇ ಇರುತ್ತದೆ.

ತೀರ ಮೇಲಿನ ಫಲಿತಾಂಶಕ್ಕೆ ಆಸೆಪಡುವುದೂ ಒಳ್ಳೆಯದಲ್ಲ. ಶುದ್ಧ ನೀರು ಬಂದರೆ ಮಕ್ಕಳ ವಾಂತಿಭೇದಿ ಕಡಿಮೆಯಾಗುತ್ತದೆ, ನಿಜ. ಆದರೆ ಅದು ಶೌಚಾಲಯ, ಲಸಿಕೆ, ಕೈ ತೊಳೆಯುವ ಅಭ್ಯಾಸ, ಆ ವರ್ಷದ ಮಳೆ ಇವುಗಳ ಮೇಲೂ ನಿಂತಿದೆ. ನೀರಿನ ಇಲಾಖೆಯನ್ನು ವಾಂತಿಭೇದಿಯ ಅಂಕಿಗೆ ಹೊಣೆ ಮಾಡಿದರೆ ಅದು ಮಾಡದ ಕೆಲಸಕ್ಕೆ ಹೊಗಳಿಕೆಯೂ ತಪ್ಪಿಲ್ಲದೆ ಬೈಗುಳವೂ ಸಿಗುತ್ತದೆ. ನಲ್ಲಿಯ ತನಕದ ನೀರಿಗೆ ಇಲಾಖೆ ಹೊಣೆ. ಆರೋಗ್ಯದ ಅಂಕಿಯನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬೇರೆಯಾಗಿ ಅಧ್ಯಯನ ಮಾಡಬೇಕು.

ಹಣ ಮತ್ತು ಗುರಿಯ ನಡುವಿನ ಗಂಟು ಸಡಿಲವಾಗುವುದು ವರ್ಷದ ನಡುವೆ. 2024-25ಕ್ಕೆ ಕೇಂದ್ರ ಬಜೆಟ್ಟಿನಲ್ಲಿ ಜಲ ಜೀವನ್ ಮಿಷನ್‌ಗೆ ಇಟ್ಟದ್ದು 70,163 ಕೋಟಿ ರೂಪಾಯಿ. ವರ್ಷದ ಕೊನೆಯ ಹೊತ್ತಿಗೆ ಪರಿಷ್ಕೃತ ಅಂದಾಜಿನಲ್ಲಿ ಉಳಿದದ್ದು 22,694 ಕೋಟಿ. ಮೂರನೇ ಒಂದಕ್ಕಿಂತ ಕಡಿಮೆ. ಏಪ್ರಿಲ್‌ನಲ್ಲಿ ಹಣದ ಪಕ್ಕ ಬರೆದ ಗುರಿಗಳಿಗೆ ಆಗ ಯಾವ ಅರ್ಥ ಉಳಿಯಿತು? ಹಣ ಪರಿಷ್ಕರಿಸಿದಾಗಲೆಲ್ಲ ಗುರಿಯನ್ನೂ ಪರಿಷ್ಕರಿಸಿ, ಕಾರಣ ಸಹಿತ ಶಾಸನಸಭೆಯ ಮುಂದಿಡುವುದು ಕಡ್ಡಾಯವಾಗದ ಹೊರತು ಫಲಿತಾಂಶ ಬಜೆಟ್ ಫೆಬ್ರುವರಿ-ಮಾರ್ಚಿನಲ್ಲಿ ಮಾತ್ರ ಓದುವ ಪುಸ್ತಕವಾಗಿ ಉಳಿಯುತ್ತದೆ. ಬೇಡಿಕೆಗಳ ಮೇಲಿನ ಚರ್ಚೆಯಲ್ಲಿ ಸದಸ್ಯರು ಮತ ಹಾಕುವುದು ಹಣಕ್ಕೆ. ಪಕ್ಕದ ಕಾಲಂನ ಗುರಿಗೆ ಯಾರೂ ಮತ ಹಾಕುವುದಿಲ್ಲ.

ಕೊನೆಯ ಪ್ರಶ್ನೆ, ಅಳೆಯುವವರು ಯಾರು? ಕೆಲಸ ಮಾಡಿಸಿದ ಎಂಜಿನಿಯರೇ ಸಾಧನೆಯ ಅಂಕಿಯನ್ನೂ ಕಂಪ್ಯೂಟರಿಗೆ ತುಂಬುವಾಗ ಅಂಕಿ ಗುರಿಯ ಹತ್ತಿರಕ್ಕೇ ಬಂದು ನಿಲ್ಲುವುದು ಸಹಜ. ಇದಕ್ಕೆ ಜಲ ಜೀವನ್ ಮಿಷನ್ ಒಂದು ಒಳ್ಳೆಯ ವ್ಯವಸ್ಥೆ ಮಾಡಿತು. ಒಂದು ಊರಿನ ಎಲ್ಲ ಮನೆಗೂ ನೀರು ಬಂದಿದೆ ಎಂದು ಇಲಾಖೆ ಹೇಳಿದರೆ ಆ ಊರು ‘ವರದಿಯಾದ’ ಊರು ಅಷ್ಟೇ. ಗ್ರಾಮಸಭೆ ಸೇರಿ, ಹೌದು, ಎಲ್ಲ ಮನೆಗೂ ಸರಿಯಾಗಿ ನೀರು ಬರುತ್ತಿದೆ ಎಂದು ಠರಾವು ಮಾಡಿದ ಮೇಲೆಯೇ ಅದು ‘ಪ್ರಮಾಣಿತ’ ಊರು. 2022ರ ಜುಲೈನಲ್ಲಿ ಮಧ್ಯಪ್ರದೇಶದ ಬುರ್ಹಾನ್‌ಪುರ ಹೀಗೆ ಪ್ರಮಾಣಿತವಾದ ದೇಶದ ಮೊದಲ ಜಿಲ್ಲೆಯಾಯಿತು. ವರದಿಯಾದ ಊರುಗಳಿಗೂ ಪ್ರಮಾಣಿತ ಊರುಗಳಿಗೂ ನಡುವೆ ಇರುವ ಅಂತರ ಯಾವ ಜಿಲ್ಲೆಯಲ್ಲಿ ಎಷ್ಟು ಎಂದು ನೋಡಿದರೆ ಅಲ್ಲಿಯ ಅಂಕಿಗಳನ್ನು ಎಷ್ಟು ನಂಬಬಹುದು ಎಂಬ ಅಂದಾಜು ಸಿಗುತ್ತದೆ.

ಈ ಅಳತೆಗೆ ದೊಡ್ಡ ಉಪಕರಣವೇನೂ ಬೇಡ. ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಬೇಕು. ನೀರು ಬಿಡುವುದು ದಿನಕ್ಕೆ ಒಂದು ಗಂಟೆಯಾದರೆ ನಲ್ಲಿಯಲ್ಲಿ ನಿಮಿಷಕ್ಕೆ ನಾಲ್ಕೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು ಬೀಳಬೇಕು. ಅಂದರೆ 15 ಲೀಟರಿನ ಕೊಡ ಮೂರು ನಿಮಿಷ 15 ಸೆಕೆಂಡಿನೊಳಗೆ ತುಂಬಬೇಕು. ಐದು ನಿಮಿಷ ಹಿಡಿದರೆ ಆ ಮನೆಗೆ ಸಿಗುತ್ತಿರುವುದು 180 ಲೀಟರ್, ತಲೆಗೆ 36. ನೀರು ಎರಡು ದಿನಕ್ಕೊಮ್ಮೆ ಬರುವುದಾದರೆ ಅದರ ಅರ್ಧ. ಅಳೆಯಬೇಕಾದದ್ದು ನೀರುಗಂಟಿ ವಾಲ್ವ್ ತಿರುಗಿಸುವ ಜಾಗದ ಪಕ್ಕದ ಮನೆಯಲ್ಲಲ್ಲ, ಪೈಪು ಮುಗಿಯುವ ಕೊನೆಯ ಮನೆಯಲ್ಲಿ. ತಿಂಗಳು ಏಪ್ರಿಲ್ ಆಗಿದ್ದರೆ ಇನ್ನೂ ಒಳ್ಳೆಯದು.

2025ರ ಕೇಂದ್ರ ಬಜೆಟ್ ಜಲ ಜೀವನ್ ಮಿಷನ್ನನ್ನು 2028ರ ತನಕ ಮುಂದುವರಿಸಿದೆ. ಇನ್ನು ಮುಂದೆ ಕಾಮಗಾರಿಯ ಗುಣಮಟ್ಟ ಮತ್ತು ನಿರ್ವಹಣೆಗೆ ಒತ್ತು ಎಂದು ಹೇಳಿದೆ. ಈ ಒತ್ತು ಅಂಕಿಯಾಗಿ ಇಳಿಯಬೇಕಾದರೆ ಊರೂರಿನ ಗ್ರಾಮಸಭೆಯಲ್ಲಿ ಕೇಳುವವರು ಬೇಕು. ನಿಮ್ಮ ಊರಿನ ಠರಾವಿಗೆ ಸಹಿ ಹಾಕಲು ಹೇಳಿದಾಗ ಮೂರು ಅಂಕಿ ಕೇಳಿ: ಕೊನೆಯ ಮನೆಯಲ್ಲಿ ಏಪ್ರಿಲ್‌ನಲ್ಲಿ ತಲೆಗೆ ಎಷ್ಟು ಲೀಟರ್ ಬಂತು, ಕೊನೆಯ ನೀರಿನ ಪರೀಕ್ಷೆಯಲ್ಲಿ ಏನು ಬಂತು, ಮುಂದಿನ ವರ್ಷದ ಕರೆಂಟ್ ಬಿಲ್ಲು ಮತ್ತು ನೀರುಗಂಟಿ ಸಂಬಳ ಯಾವ ಲೆಕ್ಕಶೀರ್ಷಿಕೆಯಲ್ಲಿದೆ. ಮೂರಕ್ಕೂ ಉತ್ತರ ಬರುವ ತನಕ ಸಹಿ ಹಾಕಬೇಡಿ.